ಮೊದಲು ಗಾಳಿ, ಆಮೇಲೆ ನೀರು, ಕೊನೆಗೆ ಕರೆಂಟ್: ಕಂಪ್ಯೂಟರಿಗೆ ಮೊದಲ ಕಸ್ಟಮ್ ಲೂಪ್

ಏಪ್ರಿಲ್ ಕೊನೆಯ ವಾರ. ಬದಿಯಡ್ಕದ ಹತ್ತಿರ ವಿಡಿಯೊ ಸ್ಟುಡಿಯೋ ನಡೆಸುವ ಗೆಳೆಯ ಫೋನ್ ಮಾಡಿದ. "ಮಾರಾಯ, ಈ ಫ್ಯಾನ್‌ಗಳ ಸದ್ದಿನಲ್ಲಿ ಒಂದು ವಾಯ್ಸ್ ರೆಕಾರ್ಡ್ ಮಾಡಲಿಕ್ಕೆ ಆಗ್ತಾ ಇಲ್ಲ" ಅಂದ. ಮದುವೆ, ಯಕ್ಷಗಾನ, ಭೂತಕೋಲದ ವಿಡಿಯೊಗಳನ್ನು ಎಡಿಟ್ ಮಾಡುವುದು ಅವನ ಕೆಲಸ. ಎಡಿಟಿಂಗ್ ನಡೆಯುವುದೂ ದನಿ ಹಿಡಿಯುವುದೂ ಒಂದೇ ಕೋಣೆಯಲ್ಲಿ. ನಮ್ಮ ಕಡೆಯ ಸೆಕೆ ನಿಮಗೆ ಗೊತ್ತೇ ಇದೆ. ಕೋಣೆಯೊಳಗೆ 33 ಡಿಗ್ರಿ ಇರುವಾಗ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಕಿರುಚದೆ ಇನ್ನೇನು ಮಾಡೀತು?

ಬಣ್ಣದ ನೀರು ಓಡಾಡುವ ಕಂಪ್ಯೂಟರುಗಳ ವಿಡಿಯೊ ಅವನು ನೋಡಿದ್ದ. ಅವನಿಗಿದ್ದದ್ದು ಎರಡೇ ಪ್ರಶ್ನೆ. ನಮ್ಮ ಈ ಸೆಕೆಯಲ್ಲಿ ನೀರು ತಂಪು ಮಾಡುತ್ತದಾ? ಮತ್ತೆ, ಲಕ್ಷ ರೂಪಾಯಿಯ ಸಾಮಾನಿನ ಮೇಲೆ ನೀರು ಸೋರಿದರೆ ಏನು ಕಥೆ? ಅವನ ಮೆಷೀನಿಗೆ ನಾವಿಬ್ಬರೂ ಸೇರಿ ಲೂಪ್ ಕಟ್ಟಿದೆವು. ಆ ಕೆಲಸವನ್ನೇ ಇಟ್ಟುಕೊಂಡು ಎರಡಕ್ಕೂ ಉತ್ತರ ಹೇಳುತ್ತೇನೆ.

ನೀರಿನ ಕೆಲಸ ಬರೀ ಹೊರುವುದು

ಲೂಪ್ ಅಂದರೆ ಸುತ್ತು. ಒಂದು ಚಿಕ್ಕ ಪಂಪು ನೀರನ್ನು ತಳ್ಳುತ್ತದೆ. ಆ ನೀರು ಪ್ರೊಸೆಸರಿನ ಮೇಲೆ ಕೂತಿರುವ ತಾಮ್ರದ ಡಬ್ಬಿಯೊಳಗೆ ಹಾದು ಬಿಸಿಯನ್ನು ಎತ್ತಿಕೊಳ್ಳುತ್ತದೆ. ಈ ಡಬ್ಬಿಗೆ ವಾಟರ್ ಬ್ಲಾಕ್ ಎನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಮೇಲೂ ಇಂಥದ್ದೇ ಇನ್ನೊಂದು ಇರುತ್ತದೆ. ಬಿಸಿ ಹೊತ್ತ ನೀರು ರೇಡಿಯೇಟರಿಗೆ ಹೋಗುತ್ತದೆ. ಅದು ಕಾರಿನ ಮುಂದೆ ಇರುತ್ತದಲ್ಲ, ಅದೇ ಜಾತಿಯದು. ಅಲ್ಲಿ ಫ್ಯಾನ್‌ಗಳು ಬಿಸಿಯನ್ನು ಕೋಣೆಯ ಗಾಳಿಗೆ ಬಿಡುತ್ತವೆ. ನೀರು ತಿರುಗಿ ರಿಸರ್ವಾಯರ್ ಎಂಬ ಪುಟ್ಟ ಟ್ಯಾಂಕಿಗೆ ಬಂದು, ಅಲ್ಲಿಂದ ಮತ್ತೆ ಪಂಪಿಗೆ ಇಳಿಯುತ್ತದೆ.

ಅಂದರೆ ನೀರು ಬಿಸಿಯನ್ನು ಕೊಲ್ಲುವುದಿಲ್ಲ, ಹೊತ್ತುಕೊಂಡು ಹೋಗಿ ಬೇರೆ ಕಡೆ ಇಳಿಸುತ್ತದೆ ಅಷ್ಟೇ. ಹಾಗಾಗಿ ಅದು ಕೋಣೆಯ ಗಾಳಿಗಿಂತ ತಣ್ಣಗಾಗುವುದು ಸಾಧ್ಯವೇ ಇಲ್ಲ. ಕೋಣೆ 33 ಡಿಗ್ರಿ ಇದ್ದರೆ ನೀರು ಯಾವಾಗಲೂ ಅದಕ್ಕಿಂತ ಮೇಲೆಯೇ ಇರುತ್ತದೆ. ಇದರಲ್ಲಿ ನಮಗೊಂದು ಲಾಭವೂ ಉಂಟು. ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದೆ. ಈ ಪೈಪುಗಳು ಹಾಗೆ ಬೆವರುವುದಿಲ್ಲ, ಯಾಕೆಂದರೆ ಅವು ಸುತ್ತಲಿನ ಗಾಳಿಗಿಂತ ತಣ್ಣಗಿರುವುದೇ ಇಲ್ಲ. "ಜೂನ್ ತಿಂಗಳ ತೇವಕ್ಕೆ ಬೋರ್ಡಿನ ಮೇಲೆ ಹನಿ ಕಟ್ಟುತ್ತದೆ" ಎಂದು ಹೆದರಬೇಕಾಗಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರೊಸೆಸರ್ ಒಂದನ್ನೇ ತಂಪು ಮಾಡಬೇಕಾದರೆ ಒಳ್ಳೆಯ ಏರ್ ಕೂಲರ್ ಧಾರಾಳ ಸಾಕು. ಕಸ್ಟಮ್ ಲೂಪಿನ ನಿಜವಾದ ಲಾಭ ಗ್ರಾಫಿಕ್ಸ್ ಕಾರ್ಡಿಗೆ, ಅದೂ ಸದ್ದಿನ ವಿಷಯದಲ್ಲಿ. ದೊಡ್ಡ ರೇಡಿಯೇಟರಿಗೆ ನಿಧಾನ ತಿರುಗುವ ಫ್ಯಾನ್ ಸಾಕಾಗುತ್ತದೆ. ಗೆಳೆಯನಿಗೆ ಬೇಕಾಗಿದ್ದದ್ದೂ ಅದೇ.

ಎಷ್ಟು ರೇಡಿಯೇಟರ್?

ಲೆಕ್ಕ ಶುರುವಾಗುವುದು ವ್ಯಾಟಿನಿಂದ. ಗೆಳೆಯನ ಪ್ರೊಸೆಸರ್ ರೈಜನ್ 7 7700ಎಕ್ಸ್. ಪೂರ್ತಿ ಕೆಲಸದಲ್ಲಿ ಅದು ಸುಮಾರು 142 ವ್ಯಾಟ್ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4070 ಟಿಐ, ಅದು 285 ವ್ಯಾಟ್. ಎರಡೂ ಸೇರಿ 427. ಎಳೆದ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುವುದರಿಂದ, ಹೊರಗೆ ಹಾಕಬೇಕಾದ ಬಿಸಿಯೂ ಅಷ್ಟೇ.

ಲೂಪ್ ಕಟ್ಟುವವರು ಒಂದು ಕೈಲೆಕ್ಕ ಇಟ್ಟುಕೊಂಡಿರುತ್ತಾರೆ. ಒಂದು 120 ಮಿಲಿಮೀಟರ್ ಫ್ಯಾನಿನ ಜಾಗದ ರೇಡಿಯೇಟರ್, ಫ್ಯಾನ್ ಹದವಾಗಿ ತಿರುಗುವಾಗ, ಸುಮಾರು 100 ವ್ಯಾಟ್ ಹೊರಹಾಕುತ್ತದೆ. ಆಗ ನೀರು ಕೋಣೆಗಿಂತ ಹತ್ತು ಡಿಗ್ರಿಯಷ್ಟು ಬಿಸಿ ಇರುತ್ತದೆ. ಇದು ಅಂದಾಜು ಮಾತ್ರ. ರೇಡಿಯೇಟರಿನ ದಪ್ಪ, ಫ್ಯಾನಿನ ವೇಗ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆದರೂ ಯೋಜನೆ ಹಾಕಲಿಕ್ಕೆ ಇಷ್ಟು ಸಾಕು.

ನಾವು ಕ್ಯಾಬಿನೆಟ್ಟಿನ ಮುಂದೆ ಮೂರು ಫ್ಯಾನಿನದು ಒಂದು, ಮೇಲೆ ಎರಡು ಫ್ಯಾನಿನದು ಒಂದು ಇಡುವುದೆಂದು ತೀರ್ಮಾನಿಸಿದೆವು. ಒಟ್ಟು ಐದು ಫ್ಯಾನ್ ಜಾಗ. 427 ವ್ಯಾಟನ್ನು ಐದಕ್ಕೆ ಹಂಚಿದರೆ ತಲಾ 85ರ ಆಸುಪಾಸು. ಹಾಗಾದರೆ ನೀರು ಕೋಣೆಗಿಂತ ಎಂಟೊಂಬತ್ತು ಡಿಗ್ರಿ ಮೇಲೆ ನಿಲ್ಲಬೇಕು. 33 ಡಿಗ್ರಿಯ ಕೋಣೆಯಲ್ಲಿ 42ರ ಹತ್ತಿರ.

ಈ 42 ಎಂಬ ಅಂಕಿ ಮುಖ್ಯ. ಲೂಪಿನ ಹೆಚ್ಚಿನ ಪಂಪು, ಪೈಪುಗಳಿಗೆ ತಯಾರಕರು ಹೇಳುವ ಮೇಲ್ಮಿತಿ 60 ಡಿಗ್ರಿ. ಚಳಿ ದೇಶದವನು ಕೋಣೆ 20 ಡಿಗ್ರಿ ಇರುವಲ್ಲಿ ಒಂದೇ ರೇಡಿಯೇಟರ್ ಹಾಕಿ, ನೀರು 25 ಡಿಗ್ರಿ ಮೇಲೇರಿದರೂ 45ರಲ್ಲಿ ಪಾರಾಗುತ್ತಾನೆ. ಅದನ್ನೇ ನಾವು ನಕಲು ಮಾಡಿದರೆ ಏಪ್ರಿಲಿನಲ್ಲಿ 58ಕ್ಕೆ ಹೋಗಿ ನಿಲ್ಲುತ್ತೇವೆ. ಗೆಳೆಯನ ಮೊದಲ ಪ್ರಶ್ನೆಗೆ ಇದೇ ಉತ್ತರ. ನಮ್ಮ ಸೆಕೆಯಲ್ಲಿ ಲೂಪ್ ಖಂಡಿತ ಕೆಲಸ ಮಾಡುತ್ತದೆ, ಆದರೆ ರೇಡಿಯೇಟರಿನಲ್ಲಿ ಜಿಪುಣತನ ಮಾಡಬಾರದು.

ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ. ಮೂರು ಫ್ಯಾನಿನದಕ್ಕೆ 360 ಎಂದು ಹೆಸರಿದ್ದರೂ ಆ ರೇಡಿಯೇಟರಿನ ಉದ್ದ 390ರಿಂದ 400 ಮಿಲಿಮೀಟರ್ ಇರುತ್ತದೆ, ತುದಿಗಳಲ್ಲಿ ನೀರಿನ ಕೋಣೆ ಇರುವುದರಿಂದ. 30 ಮಿಲಿಮೀಟರ್ ದಪ್ಪದ ರೇಡಿಯೇಟರಿಗೆ 25 ಮಿಲಿಮೀಟರಿನ ಫ್ಯಾನ್ ಸೇರಿದರೆ 55 ಆಯಿತು. ಮೇಲಿನದ್ದು ಮದರ್‌ಬೋರ್ಡಿನ ರ‍್ಯಾಮಿಗೆ ತಾಗುತ್ತದಾ ಎಂದು ನೋಡಿಕೊಳ್ಳಬೇಕು.

ಭಾಗಗಳನ್ನು ಆರಿಸುವಾಗ ಎಡವುವ ಎರಡು ಜಾಗ

ಮೊದಲನೆಯದು ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್. ಪ್ರೊಸೆಸರ್ ಬ್ಲಾಕ್ ಸಾಕೆಟ್ಟಿಗೆ ಹೊಂದಿದರೆ ಆಯಿತು. ಕಾರ್ಡಿನದು ಹಾಗಲ್ಲ. ಒಂದೇ ಚಿಪ್ಪನ್ನು ಹತ್ತಾರು ಕಂಪನಿಗಳು ತಮ್ಮ ತಮ್ಮ ಬೋರ್ಡಿನ ಮೇಲೆ ಕೂರಿಸಿ ಮಾರುತ್ತವೆ. ಮೆಮೊರಿ ಎಲ್ಲಿದೆ, ಸ್ಕ್ರೂ ತೂತು ಎಲ್ಲಿದೆ ಎಂಬುದು ಒಂದೊಂದರಲ್ಲಿ ಒಂದೊಂದು ಥರ. "4070 ಟಿಐಗೆ ಬ್ಲಾಕ್ ಕೊಡಿ" ಎಂದು ಕೇಳುವುದು "ಕಾರಿಗೆ ಬಂಪರ್ ಕೊಡಿ" ಎಂದ ಹಾಗೆ. ಕಾರ್ಡಿನ ಹಿಂದಿನ ಸ್ಟಿಕ್ಕರಿನಲ್ಲಿರುವ ಪೂರ್ತಿ ಮಾಡೆಲ್ ಹೆಸರನ್ನು ಬ್ಲಾಕ್ ತಯಾರಕರ ಪಟ್ಟಿಯಲ್ಲಿ ಹುಡುಕಿ, ಅಲ್ಲಿದ್ದರೆ ಮಾತ್ರ ಕೊಳ್ಳಬೇಕು. ಕಾರ್ಡ್ ಬಿಚ್ಚಿದರೆ ವಾರಂಟಿ ಉಳಿಯುತ್ತದಾ ಎಂಬುದನ್ನೂ ಮೊದಲೇ ಓದಿಕೊಳ್ಳಿ.

ಎರಡನೆಯದು ಲೋಹ. ಬ್ಲಾಕುಗಳು ತಾಮ್ರದವು, ಇಲ್ಲವೇ ತಾಮ್ರದ ಮೇಲೆ ನಿಕ್ಕಲ್ ಹೊದಿಸಿದವು. ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದಾಗಿರಲಿ. ಅಲ್ಯೂಮಿನಿಯಮ್ ರೇಡಿಯೇಟರ್ ಅಗ್ಗಕ್ಕೆ ಸಿಗುತ್ತದೆ, ಆದರೆ ತಾಮ್ರದ ಜೊತೆ ಒಂದೇ ನೀರಿನಲ್ಲಿ ಅದನ್ನು ಹಾಕಿದರೆ ಇಡೀ ಲೂಪು ಒಂದು ಬ್ಯಾಟರಿಯಂತೆ ವರ್ತಿಸುತ್ತದೆ. ಅಲ್ಯೂಮಿನಿಯಮ್ ಕರಗುತ್ತಾ ಹೋಗಿ ಹುಡಿ ಕಟ್ಟುತ್ತದೆ. ಆ ಹುಡಿ ಬ್ಲಾಕಿನೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಕೂರುತ್ತದೆ. ಬೆಲೆ ತೀರಾ ಕಡಿಮೆ ಕಂಡರೆ ಲೋಹ ಯಾವುದೆಂದು ಕೇಳಿಯೇ ಕೊಳ್ಳಿ.

ಉಳಿದದ್ದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪಂಪಿಗೆ ಡಿ5 ಎಂಬ ಮಾದರಿ ಬಹಳ ಬಳಕೆಯಲ್ಲಿದೆ. ರಿಸರ್ವಾಯರ್ ಅದರ ತಲೆಯ ಮೇಲೆಯೇ ಕೂತು ಒಂದೇ ತುಂಡಾಗಿ ಬರುತ್ತದೆ. ಪೈಪು ಮೊದಲ ಸಲಕ್ಕೆ ಮೆತ್ತಗಿನದೇ ಇರಲಿ. ಗಟ್ಟಿ ಪೈಪು ನೋಡಲಿಕ್ಕೆ ಚಂದ, ಆದರೆ ಅದನ್ನು ಬಿಸಿ ಮಾಡಿ ಬಗ್ಗಿಸುವುದು ಬೇರೆಯೇ ಒಂದು ವಿದ್ಯೆ. ನಾವು ತಂದದ್ದು ಕಪ್ಪು ಇಪಿಡಿಎಂ ರಬ್ಬರ್ ಪೈಪು, ಒಳಗೆ 10 ಹೊರಗೆ 16 ಮಿಲಿಮೀಟರ್. ಫಿಟ್ಟಿಂಗ್ ಕೊಳ್ಳುವಾಗ ಈ ಎರಡೂ ಅಂಕಿ ಹೊಂದಬೇಕು. 10/13ರ ಫಿಟ್ಟಿಂಗಿಗೆ 10/16ರ ಪೈಪು ಕೂರುವುದೇ ಇಲ್ಲ.

ಬಾವಿ ನೀರು ಯಾಕೆ ಬೇಡ

"ನಮ್ಮ ಸುರಂಗದ ನೀರಿನಷ್ಟು ಒಳ್ಳೆಯ ನೀರು ಎಲ್ಲಿ ಸಿಗುತ್ತದೆ?" ಎಂದು ಗೆಳೆಯನ ತಂದೆ ಕೇಳಿದರು. ಕುಡಿಯಲಿಕ್ಕೆ ಅದು ಅಮೃತವೇ, ಸಂಶಯ ಇಲ್ಲ. ಆದರೆ ಮುರಕಲ್ಲಿನ ಗುಡ್ಡದೊಳಗೆ ಹಾದು ಬಂದ ನೀರಿನಲ್ಲಿ ಕರಗಿದ ಖನಿಜ ಇರುತ್ತದೆ. ಜೀವಾಣುಗಳೂ ಇರುತ್ತವೆ. ಲೂಪಿನಲ್ಲಿ ಅದೇ ನೀರು ವರ್ಷವಿಡೀ 40 ಡಿಗ್ರಿಯಲ್ಲಿ ಸುತ್ತುತ್ತಾ ಇದ್ದರೆ ಪಾಚಿಗೆ ಹಬ್ಬ.

ಪೆಟ್ರೋಲ್ ಪಂಪಿನಲ್ಲಿ ಸಿಗುವ ಬ್ಯಾಟರಿ ನೀರು ಖನಿಜ ತೆಗೆದದ್ದು. ತೊಳೆಯಲಿಕ್ಕೆ ಅದು ಚೆನ್ನಾಗಿ ಆಗುತ್ತದೆ. ಆದರೆ ಅದೊಂದನ್ನೇ ತುಂಬಿಸಿ ಬಿಡುವಂತಿಲ್ಲ, ಪಾಚಿ ಮತ್ತು ತುಕ್ಕು ತಡೆಯುವ ಔಷಧ ಅದರಲ್ಲಿ ಇರುವುದಿಲ್ಲ. ಲೂಪಿಗೆಂದೇ ಮಾರುವ ಕೂಲೆಂಟಿನಲ್ಲಿ ಎರಡೂ ಬೆರೆತಿರುತ್ತವೆ. ಬಣ್ಣ ಇಲ್ಲದ ತೆಳುವಾದದ್ದನ್ನು ಆರಿಸಿ. ಹಾಲಿನಂತೆ ದಪ್ಪ ಕಾಣುವ ಕೂಲೆಂಟಿನಲ್ಲಿ ಸಣ್ಣ ಕಣಗಳು ತೇಲುತ್ತಿರುತ್ತವೆ, ಕಾಲಕ್ರಮೇಣ ಅವು ಬ್ಲಾಕಿನೊಳಗೆ ಕೂರುತ್ತವೆ. ನಮ್ಮ ಲೂಪಿಗೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ ಬಿತ್ತು.

ಹೊಸ ರೇಡಿಯೇಟರನ್ನು ತೊಳೆಯದೆ ಜೋಡಿಸಬಾರದು. ಬೆಸುಗೆ ಹಾಕುವಾಗ ಬಳಸಿದ ಫ್ಲಕ್ಸಿನ ಚೂರು ಒಳಗೆ ಉಳಿದಿರುತ್ತದೆ. ಬಿಸಿ ಮಾಡಿದ ಬ್ಯಾಟರಿ ನೀರನ್ನು ಅರ್ಧ ತುಂಬಿಸಿ, ಬಾಯಿ ಮುಚ್ಚಿ, ಚೆನ್ನಾಗಿ ಕುಲುಕಿ, ಬಿಳಿ ಬಟ್ಟಲಿಗೆ ಸುರಿಯಿರಿ. ಮೊದಲ ಸಲ ಕಪ್ಪು ಚುಕ್ಕೆಗಳು ಕಾಣುತ್ತವೆ. ನಮಗೆ ಐದು ಸಲ ತೊಳೆದ ಮೇಲೆ ತಿಳಿ ನೀರು ಬಂತು.

ದಾರಿ ಹಾಕುವುದು

ನೀರು ಮೊದಲು ಯಾವುದಕ್ಕೆ ಹೋಗಬೇಕು, ಪ್ರೊಸೆಸರಿಗಾ ಕಾರ್ಡಿಗಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ: ಯಾವುದಾದರೂ ಆಗಬಹುದು. ನಿಮಿಷಕ್ಕೆ 4 ಲೀಟರ್ ಓಡಿದರೆ ಸೆಕೆಂಡಿಗೆ ಸುಮಾರು 67 ಗ್ರಾಂ ನೀರು ಹಾದುಹೋಗುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲಿಕ್ಕೆ 4.18 ಜೂಲ್ ಬೇಕು. ಹಾಗಾದರೆ:

```
427 ÷ (67 × 4.18) ≈ 1.5
```

ಎರಡು ಬ್ಲಾಕುಗಳ ಬಿಸಿಯನ್ನೂ ಹೊತ್ತ ನೀರು ಒಂದು ಸುತ್ತಿನಲ್ಲಿ ಏರುವುದು ಬರೀ ಒಂದೂವರೆ ಡಿಗ್ರಿ. ಅಂದರೆ ಲೂಪಿನೊಳಗೆ ಎಲ್ಲಿ ಮುಟ್ಟಿದರೂ ನೀರು ಹೆಚ್ಚುಕಡಿಮೆ ಒಂದೇ ಬಿಸಿ. ಹಾಗಾಗಿ ಪೈಪು ಕಡಿಮೆ ಬಾಗುವ, ಮಡಚಿಕೊಳ್ಳದ ದಾರಿಯನ್ನು ಆರಿಸಿದರೆ ಆಯಿತು.

ತಪ್ಪಿಸಲಾಗದ ನಿಯಮ ಒಂದೇ. ರಿಸರ್ವಾಯರ್ ಪಂಪಿಗಿಂತ ಮೇಲೆ, ಪಂಪಿಗೆ ಸರಿಯಾಗಿ ಮೊದಲು ಇರಬೇಕು. ತೋಟದ ಪಂಪಿನ ಫುಟ್‌ವಾಲ್ವ್ ಕೆಟ್ಟಾಗ ಏನಾಗುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಪೈಪಿನೊಳಗೆ ಗಾಳಿ ಸೇರುತ್ತದೆ, ಮೋಟಾರು ತಿರುಗಿದರೂ ನೀರು ಏರುವುದಿಲ್ಲ. ಇಲ್ಲಿನ ಚಿಕ್ಕ ಪಂಪೂ ಹಾಗೆಯೇ, ಗಾಳಿಯನ್ನು ಎಳೆಯಲಾರದು. ಮೇಲಾಗಿ ಅದರ ತಿರುಗುವ ಭಾಗಕ್ಕೆ ಎಣ್ಣೆಯ ಬದಲು ಈ ನೀರೇ ಜಾರುಕ. ಒಣಗಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸವೆಯುತ್ತದೆ.

ಲೂಪಿನ ಅತ್ಯಂತ ತಗ್ಗಿನ ಜಾಗದಲ್ಲಿ ಒಂದು ಟೀ ಫಿಟ್ಟಿಂಗ್ ಹಾಕಿ, ಅದಕ್ಕೊಂದು ಚಿಕ್ಕ ಬಾಲ್ ವಾಲ್ವ್ ಇಡಿ. ಈಗ ಇದು ದಂಡದ ಖರ್ಚು ಅನಿಸುತ್ತದೆ. ನೀರು ಖಾಲಿ ಮಾಡಬೇಕಾದ ದಿನ ಗೊತ್ತಾಗುತ್ತದೆ.

ಟೆಫ್ಲಾನ್ ಟೇಪ್ ಪಕ್ಕಕ್ಕಿಡಿ

ಅಡಿಕೆ ತೋಟದಲ್ಲಿ ಸ್ಪ್ರಿಂಕ್ಲರ್ ಜೋಡಿಸಿದ ಕೈ ಫಿಟ್ಟಿಂಗ್ ನೋಡಿದ ಕೂಡಲೇ ಟೆಫ್ಲಾನ್ ಟೇಪ್ ಹುಡುಕುತ್ತದೆ. ಇಲ್ಲಿ ಅದು ಬೇಡ. ಮನೆಯ ಪೈಪಿನಲ್ಲಿ ನೀರು ನಿಲ್ಲಿಸುವುದು ಮರೆ, ಅಂದರೆ ಥ್ರೆಡ್. ಲೂಪಿನ ಭಾಗಗಳಲ್ಲಿರುವುದು ಜಿ 1/4 ಎಂಬ ಅಳತೆಯ ನೇರ ಮರೆ. ಅದರ ಕೆಲಸ ಹಿಡಿದಿಡುವುದು ಮಾತ್ರ. ನೀರು ನಿಲ್ಲಿಸುವುದು ಫಿಟ್ಟಿಂಗಿನ ಬುಡದಲ್ಲಿರುವ ರಬ್ಬರ್ ಬಳೆ, ಓ-ರಿಂಗ್. ಟೇಪ್ ಸುತ್ತಿದರೆ ಆ ಬಳೆ ಪೂರ್ತಿ ಕೂರುವುದಿಲ್ಲ, ಉಲ್ಟಾ ಸೋರುತ್ತದೆ.

ಬಿಗಿಯುವುದೂ ಕೈಯಲ್ಲೇ. ಓ-ರಿಂಗ್ ತಾಗಿ ಅದುಮಿಕೊಂಡು ಕೂತಿತು ಎಂದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಕೊಟ್ಟರೆ ಬ್ಲಾಕಿನ ಅಕ್ರಿಲಿಕ್ ಮುಚ್ಚಳ ಬಿರಿಯಬಹುದು. ಅಕ್ರಿಲಿಕ್ ಭಾಗವನ್ನು ಸ್ಪಿರಿಟ್ ಹಾಕಿ ಒರೆಸುವುದೂ ಬೇಡ, ಅದರಿಂದ ಸಣ್ಣ ಸಣ್ಣ ಬಿರುಕು ಬೀಳುತ್ತದೆ.

ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ. ಓರೆಯಾದರೆ ಫಿಟ್ಟಿಂಗಿನ ಒಂದು ಬದಿಗೆ ಹಿಡಿತ ಸಿಗುವುದಿಲ್ಲ. ಮೊದಲು ಬುಡದ ಭಾಗವನ್ನು ಬ್ಲಾಕಿಗೆ ತಿರುಗಿಸಿ. ಬಳೆಯಂಥ ನಟ್ಟನ್ನು ಪೈಪಿಗೆ ಹಾಕಿಕೊಳ್ಳಿ, ಪೈಪನ್ನು ಬುಡದ ತನಕ ಒತ್ತಿ, ಆಮೇಲೆ ನಟ್ಟು ಬಿಗಿಯಿರಿ. ನಟ್ಟು ಹಾಕಲು ಮರೆತು ಪೈಪು ಒತ್ತಿ, ಮತ್ತೆ ಎಳೆಯಲಿಕ್ಕೆ ಒದ್ದಾಡುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು. ನಾವು ಎರಡು ಸಲ ಮಾಡಿದೆವು.

ಮೊದಲು ಗಾಳಿ

ಈಗ ಎರಡನೆಯ ಪ್ರಶ್ನೆಗೆ ಬಂದೆವು. ಸೋರಿದರೆ ಏನು? ಉತ್ತರ ಸುಲಭ. ಮೊದಲು ನೀರಿಲ್ಲದೆ ಸೋರಿಸಿ ನೋಡಬೇಕು. ಪಂಚರ್ ಅಂಗಡಿಯಲ್ಲಿ ಟ್ಯೂಬಿಗೆ ಗಾಳಿ ತುಂಬಿ ನೋಡುತ್ತಾರಲ್ಲ, ಅದೇ ಉಪಾಯ.

ಇದಕ್ಕೆಂದೇ ಒಂದು ಸಾಧನ ಬರುತ್ತದೆ: ಚಿಕ್ಕ ಕೈಪಂಪು, ಒಂದು ಮೀಟರ್, ಜಿ 1/4 ಮರೆ. ಸೈಕಲ್ ಪಂಪು ಇದೆ ಎಂದು ಅದನ್ನೇ ಜೋಡಿಸಬೇಡಿ. ಸೈಕಲ್ ಟಯರಿಗೆ 3 ಬಾರ್ ಹತ್ತಿರ ಗಾಳಿ ಹೊಡೆಯುತ್ತೇವೆ. ಲೂಪಿಗೆ ಬೇಕಾದದ್ದು 0.5 ಬಾರ್ ಅಷ್ಟೇ. ಅದಕ್ಕಿಂತ ಜಾಸ್ತಿ ಒತ್ತಿದರೆ ರಿಸರ್ವಾಯರ್ ಒಡೆಯಬಹುದು. ಕೆಲವು ರಿಸರ್ವಾಯರುಗಳ ಮಿತಿ ಇನ್ನೂ ಕಡಿಮೆ, ಅದರ ಕಾಗದ ಓದಿಕೊಳ್ಳಿ. ಮೇಲಾಗಿ ಟಯರಿನ ಮೀಟರಿನಲ್ಲಿ 0.05 ಬಾರ್ ಇಳಿದರೆ ಮುಳ್ಳು ಅಲುಗಾಡಿದ್ದೂ ಕಾಣುವುದಿಲ್ಲ. ನಮಗೆ ನೋಡಬೇಕಾದದ್ದೇ ಆ ಚಿಕ್ಕ ಇಳಿತ.

ಮೊದಲು ಸಾಧನವನ್ನೇ ಪರೀಕ್ಷೆ ಮಾಡಿ. ಅದರ ಬಾಯಿಗೆ ಒಂದು ಮುಚ್ಚಳ ಹಾಕಿ, ಗಾಳಿ ತುಂಬಿ, ಹತ್ತು ನಿಮಿಷ ಬಿಡಿ. ಅದೇ ಸೋರುತ್ತಿದ್ದರೆ ಲೂಪಿನ ಮೇಲೆ ಸುಮ್ನೆ ಅಪವಾದ ಬರುತ್ತದೆ.

ಆಮೇಲೆ ಒಣ ಲೂಪಿನ ಎಲ್ಲ ತೂತುಗಳನ್ನೂ ಮುಚ್ಚಿ, ರಿಸರ್ವಾಯರಿನ ಮೇಲಿನ ತೂತಿಗೆ ಸಾಧನ ಹಾಕಿ. 0.3 ಬಾರ್ ತನಕ ತುಂಬಿ ಕಿವಿಗೊಡಿ. ದೊಡ್ಡ ಸೋರಿಕೆ ಇದ್ದರೆ "ಸ್ಸ್" ಎಂದು ಕೇಳುತ್ತದೆ. ಇಲ್ಲದಿದ್ದರೆ 0.5ಕ್ಕೆ ಏರಿಸಿ. ಒಂದೆರಡು ನಿಮಿಷ ಮುಳ್ಳು ಸ್ವಲ್ಪ ಇಳಿಯುತ್ತದೆ. ಮೆತ್ತಗಿನ ಪೈಪು ಹಿಗ್ಗುತ್ತದೆ, ಒತ್ತುವಾಗ ಬಿಸಿಯಾದ ಗಾಳಿ ತಣಿಯುತ್ತದೆ. ಮತ್ತೆ 0.5 ಮಾಡಿ ಗಡಿಯಾರ ನೋಡಿ.

ಅರ್ಧ ಗಂಟೆಯಲ್ಲಿ ಮುಳ್ಳು ಅಲ್ಲೇ ನಿಂತಿದ್ದರೆ ಪಾಸು. ಒಂದು ಎಚ್ಚರ: ಕೋಣೆಯ ತಾಪ ಬದಲಾದರೆ ಮುಳ್ಳೂ ಬದಲಾಗುತ್ತದೆ. ಒಂದು ಡಿಗ್ರಿ ಇಳಿದರೆ ಸುಮಾರು 0.005 ಬಾರ್ ಕಡಿಮೆಯಾಗುತ್ತದೆ. ಪರೀಕ್ಷೆಯ ನಡುವೆ ಎಸಿ ಹಾಕಿ ನಾಲ್ಕು ಡಿಗ್ರಿ ಇಳಿಸಿದರೆ 0.02 ಬಾರ್ ಮಾಯ, ಸೋರಿಕೆ ಇಲ್ಲದೆಯೇ. ಆ ಅರ್ಧ ಗಂಟೆ ಕೋಣೆಯನ್ನು ಹೇಗಿತ್ತೋ ಹಾಗೇ ಬಿಡಿ.

ನಮ್ಮದು ಮೊದಲ ಸಲ ಪಾಸಾಗಲಿಲ್ಲ. ಹತ್ತು ನಿಮಿಷಕ್ಕೆ 0.50ರಿಂದ 0.42ಕ್ಕೆ ಇಳಿಯಿತು. ಕಿವಿಗೆ ಏನೂ ಕೇಳಲಿಲ್ಲ. ಹದಿನಾಲ್ಕು ಜೋಡಣೆಗಳಲ್ಲಿ ಯಾವುದು? ಆಗ ಅರ್ಧ ಅರ್ಧ ಮಾಡುವ ಉಪಾಯ ಹಿಡಿದೆವು. ಲೂಪು ಸುತ್ತಾದ್ದರಿಂದ ಎರಡು ಕಡೆ ಪೈಪು ಬಿಚ್ಚಿ, ತೆರೆದ ಬಾಯಿಗಳಿಗೆ ಮುಚ್ಚಳ ಹಾಕಿ, ರಿಸರ್ವಾಯರ್ ಕಡೆಯ ಅರ್ಧಕ್ಕೆ ಮಾತ್ರ ಗಾಳಿ ತುಂಬಿದೆವು. ಮುಳ್ಳು ನಿಂತಿತು. ಅಂದರೆ ತಪ್ಪು ಇನ್ನೊಂದು ಅರ್ಧದಲ್ಲಿ. ಅದನ್ನೂ ಹಾಗೆಯೇ ಮುರಿದಾಗ ಗ್ರಾಫಿಕ್ಸ್ ಬ್ಲಾಕಿನ ಎರಡು ಫಿಟ್ಟಿಂಗ್ ಉಳಿದವು. ಬಿಚ್ಚಿ ನೋಡಿದರೆ ಒಂದರ ಓ-ರಿಂಗ್ ಅಂಚಿನಲ್ಲಿ ಸಿಕ್ಕಿಕೊಂಡು ಕಚ್ಚಿದ ಹಾಗೆ ಹರಿದಿತ್ತು. ಬಿಗಿಯುವಾಗ ಫಿಟ್ಟಿಂಗ್ ಓರೆಯಾಗಿತ್ತು, ನನ್ನ ಕೈಯ ತಪ್ಪು. ಹೊಸ ರಿಂಗ್ ಹಾಕಿ, ಬೆರಳಿಗೆ ಒಂದು ಹನಿ ಕೂಲೆಂಟ್ ಮುಟ್ಟಿಸಿ ಅದಕ್ಕೆ ಸವರಿ, ನೇರ ಹಿಡಿದು ತಿರುಗಿಸಿದೆವು. ಈ ಸಲ ಅರ್ಧ ಗಂಟೆಗೆ 0.50ರಿಂದ 0.49. ಹೊರಗೆ ಮೋಡ ಕವಿದು ಕೋಣೆ ಒಂದೆರಡು ಡಿಗ್ರಿ ತಣಿದಿತ್ತು, ಆ ಲೆಕ್ಕಕ್ಕೆ ಅದು ಸರಿ ಹೋಯಿತು.

ಆ ಪುಟ್ಟ ರಬ್ಬರ್ ಬಳೆ ಗ್ರಾಫಿಕ್ಸ್ ಕಾರ್ಡಿನ ನೆತ್ತಿಯ ಮೇಲೆ ಇತ್ತು. ನೇರ ನೀರು ತುಂಬಿಸಿದ್ದರೆ ಹನಿ ಬೀಳುವುದು ಅಲ್ಲಿಯೇ.

ಆಮೇಲೆ ನೀರು, ಪಂಪಿಗೆ ಮಾತ್ರ ಕರೆಂಟ್

ಗಾಳಿಯ ಪರೀಕ್ಷೆ ಪಾಸಾದರೂ ನೀರಿನ ಪರೀಕ್ಷೆ ಬೇಕು. ಪಂಪು ತಿರುಗುವಾಗಿನ ನಡುಕ, ಕ್ಯಾಬಿನೆಟ್ ವಾಲಿಸಿದಾಗ ಪೈಪಿನ ಎಳೆತ, ಇವನ್ನು ಗಾಳಿ ತೋರಿಸುವುದಿಲ್ಲ.

ಇಲ್ಲಿನ ಗುಟ್ಟು ಏನೆಂದರೆ ಪಂಪಿಗೆ ಬಿಟ್ಟು ಬೇರೆ ಯಾವುದಕ್ಕೂ ಕರೆಂಟ್ ಕೊಡಬಾರದು. ಮದರ್‌ಬೋರ್ಡಿನ 24 ಪಿನ್ ಪ್ಲಗ್ಗು, ಪ್ರೊಸೆಸರಿನ 8 ಪಿನ್, ಗ್ರಾಫಿಕ್ಸ್ ಕಾರ್ಡಿನ ಕೇಬಲ್, ಹಾರ್ಡ್ ಡಿಸ್ಕಿನದು, ಎಲ್ಲವನ್ನೂ ಬಿಚ್ಚಿಡಿ. ಪಂಪಿನ ಕೇಬಲ್ ಮಾತ್ರ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಗೆ, ಅಂದರೆ ಎಸ್‌ಎಂಪಿಎಸ್‌ಗೆ ನೇರ ಹೋಗಲಿ. ಬೋರ್ಡಿನಲ್ಲಿ ಕರೆಂಟ್ ಇಲ್ಲದಿದ್ದರೆ ಅದರ ಮೇಲೆ ನೀರು ಬಿದ್ದರೂ ಹೆಚ್ಚಾಗಿ ಒರೆಸಿ ಒಣಗಿಸಿ ಉಳಿಸಬಹುದು. ಕರೆಂಟ್ ಇರುವಾಗ ಬಿದ್ದರೆ ಶಾರ್ಟ್.

ಆದರೆ ಬೋರ್ಡ್ ಇಲ್ಲದೆ ಎಸ್‌ಎಂಪಿಎಸ್ ಆನ್ ಆಗುವುದಿಲ್ಲ. ಅದಕ್ಕೆ 24 ಪಿನ್ ಪ್ಲಗ್ಗಿಗೆ ಸಿಕ್ಕಿಸುವ ಜಂಪರ್ ಪ್ಲಗ್ಗು ಸಿಗುತ್ತದೆ, ಬೆಲೆ ದೊಡ್ಡದೇನಲ್ಲ. ಪೇಪರ್ ಕ್ಲಿಪ್ ಬಗ್ಗಿಸಿ ಹಸಿರು ವೈರನ್ನೂ ಕಪ್ಪು ವೈರನ್ನೂ ಸೇರಿಸುವವರಿದ್ದಾರೆ. ಈಗಿನ ಎಷ್ಟೋ ಕೇಬಲ್‌ಗಳಲ್ಲಿ ಎಲ್ಲ ವೈರುಗಳೂ ಕಪ್ಪೇ. ಲೆಕ್ಕ ತಪ್ಪುವ ಬದಲು ಪ್ಲಗ್ಗು ಕೊಳ್ಳುವುದೇ ವಾಸಿ. ಅದನ್ನು ಸಿಕ್ಕಿಸುವಾಗ ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆಫ್ ಇರಲಿ.

ಪ್ರತಿ ಫಿಟ್ಟಿಂಗಿನ ಕೆಳಗೂ ಒಂದು ತುಂಡು ಟಿಶ್ಯೂ ಪೇಪರ್ ಇಡಿ. ರಿಸರ್ವಾಯರ್ ತುಂಬಿಸಿ, ಸ್ವಿಚ್ ಹಾಕಿ, ಎರಡು ಮೂರು ಸೆಕೆಂಡಿಗೆ ಆಫ್ ಮಾಡಿ. ನೀರು ಸರ್ರನೆ ಇಳಿಯುತ್ತದೆ. ಪಂಪಿನ ಬಾಯಿ ಕಾಣುವ ಮೊದಲೇ ನಿಲ್ಲಿಸಬೇಕು. ಮತ್ತೆ ತುಂಬಿಸಿ, ಮತ್ತೆ ಆನ್, ಮತ್ತೆ ಆಫ್. ಒಬ್ಬರು ಸ್ವಿಚ್ಚಿನ ಹತ್ತಿರ, ಒಬ್ಬರು ನೀರಿನ ಹತ್ತಿರ ಇದ್ದರೆ ಸುಲಭ. ನಮಗೆ ಎಂಟು ಸಲ ಬೇಕಾಯಿತು. ನೀರಿನ ಮಟ್ಟ ಇಳಿಯುವುದು ನಿಂತ ಮೇಲೆ ಪಂಪನ್ನು ಓಡಲು ಬಿಟ್ಟು, ಕ್ಯಾಬಿನೆಟ್ಟನ್ನು ನಿಧಾನಕ್ಕೆ ಹಿಂದೆ ಮುಂದೆ, ಎಡ ಬಲ ವಾಲಿಸಿ. ರೇಡಿಯೇಟರಿನ ಮೂಲೆಯಲ್ಲಿ ಅಡಗಿದ ಗಾಳಿ ಗುಳುಗುಳು ಎನ್ನುತ್ತಾ ಹೊರಬರುತ್ತದೆ.

ಎಷ್ಟು ಹೊತ್ತು ಓಡಿಸಬೇಕು? 24 ಗಂಟೆ ಎನ್ನುವುದು ಹಳೆಯ ರೂಢಿ. ಗಾಳಿಯ ಪರೀಕ್ಷೆ ಮಾಡಿದ್ದರೆ ಅಷ್ಟು ಬೇಡ ಎಂಬುದು ನನ್ನ ಅಭಿಪ್ರಾಯ. ನಾವು ಚೌಕಿಪೂಜೆಯಿಂದ ಮಂಗಳದವರೆಗಿನ ಒಂದು ಯಕ್ಷಗಾನ ಆಟದಷ್ಟು ಹೊತ್ತು, ರಾತ್ರಿಯಿಡೀ ಬಿಟ್ಟೆವು. ನಡುವೆ ಒಮ್ಮೆ ಕರೆಂಟ್ ಹೋಗಿ ಬಂತು. ಅದರಿಂದ ತೊಂದರೆ ಇಲ್ಲ, ಪಂಪು ಮತ್ತೆ ತಾನಾಗಿಯೇ ತಿರುಗಿತು. ಬೆಳಿಗ್ಗೆ ಟಾರ್ಚ್ ಹಿಡಿದು ಒಂದೊಂದೇ ಟಿಶ್ಯೂ ಎತ್ತಿ ಬೆಳಕಿಗೆ ಹಿಡಿದೆವು. ಎಲ್ಲ ಒಣಗಿದ್ದವು.

ಒಂದು ವೇಳೆ ಒದ್ದೆ ಕಂಡರೆ? ಪಂಪು ನಿಲ್ಲಿಸಿ, ನೀರು ಇಳಿಸಿ, ಆ ಜೋಡಣೆ ಸರಿಮಾಡಿ. ಬೋರ್ಡಿನ ಮೇಲೆ ಬಿದ್ದಿದ್ದರೆ ಒರೆಸಿ, ಸ್ಲಾಟುಗಳಿಂದ ಕಾರ್ಡ್, ರ‍್ಯಾಮ್ ಬಿಚ್ಚಿ, ಫ್ಯಾನ್ ಗಾಳಿಗೆ ಒಂದು ದಿನ ಬಿಡಿ. ಮಳೆಗಾಲವಾದರೆ ಎರಡು ದಿನ. ಕೂಲೆಂಟ್ ಕರೆಂಟ್ ಹಾಯಿಸುವುದಿಲ್ಲ ಎಂದು ಬಾಟಲಿಯ ಮೇಲೆ ಬರೆದಿದ್ದರೂ ನೆಚ್ಚಬೇಡಿ. ಲೋಹ ತಾಗಿ, ಬೋರ್ಡಿನ ಧೂಳು ಸೇರಿದ ಮೇಲೆ ಅದು ಹಾಯಿಸುತ್ತದೆ.

ಕರೆಂಟ್ ಕೊಟ್ಟ ಮೇಲೆ

ಜಂಪರ್ ತೆಗೆದು, ಕೇಬಲ್‌ಗಳನ್ನೆಲ್ಲ ವಾಪಸ್ ಹಾಕಿ, ಬಟನ್ ಒತ್ತಿದೆವು. ಮೊದಲು ನೋಡಬೇಕಾದದ್ದು ಪ್ರೊಸೆಸರಿನ ತಾಪ. ಸುಮ್ಮನಿರುವಾಗಲೇ ಅದು ನಿಮಿಷದೊಳಗೆ 80, 90 ದಾಟಿದರೆ ಬ್ಲಾಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ನೀರು ಓಡುತ್ತಿಲ್ಲ. ಕೂಡಲೇ ಆಫ್ ಮಾಡಬೇಕು. ನಮ್ಮದು 45ರ ಹತ್ತಿರ ನಿಂತಿತು.

ಆಮೇಲೆ ಒಂದು ಉದ್ದದ ಯಕ್ಷಗಾನದ ವಿಡಿಯೊವನ್ನು ರೆಂಡರ್‌ಗೆ, ಅಂದರೆ ಎಡಿಟ್ ಆದದ್ದನ್ನು ಕೊನೆಯ ಫೈಲ್ ಮಾಡಲಿಕ್ಕೆ ಹಾಕಿದೆವು. ಏರ್ ಕೂಲರಿನಲ್ಲಿ ತಾಪ ಸರಕ್ಕನೆ ಏರಿ ನಿಲ್ಲುತ್ತದೆ. ಲೂಪಿನಲ್ಲಿ ಹಾಗಲ್ಲ, ಒಂದು ಲೀಟರ್ ನೀರು ಮತ್ತು ಅಷ್ಟೊಂದು ತಾಮ್ರ ಬಿಸಿಯಾಗಬೇಕು. ಹಾಗಾಗಿ ಮೊದಲ ಐದು ನಿಮಿಷದ ಅಂಕಿ ನೋಡಿ ಖುಷಿಪಡಬೇಡಿ, ಅರ್ಧ ಗಂಟೆ ಕಾಯಿರಿ. ನಾವು ಕಾದಾಗ ನೀರಿನ ಸೆನ್ಸರ್ 41 ತೋರಿಸಿತು, ಕೋಣೆ 33. ರೆಂಡರ್‌ನಲ್ಲಿ ಎರಡೂ ಪೂರ್ತಿ 427 ವ್ಯಾಟ್ ಎಳೆಯಲಿಲ್ಲ, ಹಾಗಾಗಿ ಲೆಕ್ಕಕ್ಕಿಂತ ಒಂದು ಡಿಗ್ರಿ ಕಡಿಮೆಯೇ ಬಂತು.

ಫ್ಯಾನ್‌ಗಳನ್ನು ಪ್ರೊಸೆಸರಿನ ತಾಪಕ್ಕೆ ಕಟ್ಟಬೇಡಿ, ನೀರಿನ ತಾಪಕ್ಕೆ ಕಟ್ಟಿ. ಪ್ರೊಸೆಸರಿನ ತಾಪ ಕ್ಷಣಕ್ಷಣಕ್ಕೂ ಕುಣಿಯುತ್ತದೆ, ಫ್ಯಾನೂ ಅದರ ಜೊತೆ ಕುಣಿಯುತ್ತದೆ. ನೀರಿನ ತಾಪ ನಿಧಾನಕ್ಕೆ ಏರಿಳಿಯುವುದರಿಂದ ಸದ್ದು ಒಂದೇ ಸಮ ಇರುತ್ತದೆ.

ನಾಲ್ಕು ದಿನ ಬಿಟ್ಟು ಗೆಳೆಯನ ಫೋನ್ ಬಂತು, ದನಿಯಲ್ಲಿ ಗಾಬರಿ. "ಟ್ಯಾಂಕಿನಲ್ಲಿ ನೀರು ಒಂದು ಬೆರಳು ಇಳಿದಿದೆ ಮಾರಾಯ, ಎಲ್ಲಿಯೋ ಸೋರ್ತಾ ಇದೆ." ಟಿಶ್ಯೂ ನೋಡಲು ಹೇಳಿದೆ. ಒಣಗಿವೆ ಅಂದ. ಹಾಗಾದರೆ ಸೋರಿದ್ದಲ್ಲ. ನೀರಿನೊಳಗೆ ಬೆರೆತಿದ್ದ ಸಣ್ಣ ಗುಳ್ಳೆಗಳು ಒಂದೊಂದಾಗಿ ಟ್ಯಾಂಕಿಗೆ ಬಂದು ಒಡೆಯುತ್ತವೆ, ಅವುಗಳ ಜಾಗಕ್ಕೆ ನೀರು ಇಳಿಯುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಅಷ್ಟೇ ಕೂಲೆಂಟ್ ಹೊಯ್ದು ಮುಚ್ಚಳ ಹಾಕು ಅಂದೆ. ಫೋನ್ ಇಡುವ ಮೊದಲು ಫ್ಯಾನ್ ಸದ್ದು ಕೇಳುತ್ತದಾ ಎಂದು ಕೇಳಿದೆ. ರೆಂಡರ್ ಈಗಲೂ ಓಡ್ತಾ ಇದೆ, ನಿನಗೆ ಕೇಳಿತಾ ಅಂದ.